ಮೆಮೆಂಟೊ (ಚಲನಚಿತ್ರದ ಕಥನರಚನೆ)

ಕ್ರಿಸ್ಟೊಫರ್ ನೋಲನ್ ನಿರ್ದೇಶನದ ‘ಮೆಮೆಂಟೊ’ (2000) ಕಥೆಯ ಕೊನೆಯಿಂದ ಮೊದಲಿನ ಕಡೆಗೆ ಸಾಗುವ ಇಂಗ್ಲಿಷ್ ಚಲನಚಿತ್ರ. ನಾಯಕ ಲೆನರ್ಡ್ ಶೆಲ್ಬಿಗೆ (ಗೈ ಪಿಯರ್ಸ್) ತಲೆಗೆ ಪೆಟ್ಟಾದ ಮೇಲೆ ಹೊಸ ನೆನಪುಗಳು ನಿಲ್ಲುವುದಿಲ್ಲ. ಪೋಲರಾಯ್ಡ್ ಫೋಟೊ, ಚೀಟಿ, ಮೈಮೇಲಿನ ಹಚ್ಚೆಗಳನ್ನೇ ನಂಬಿ ಅವನು ಹೆಂಡತಿಯನ್ನು ಕೊಂದವನನ್ನು ಹುಡುಕುತ್ತಾನೆ.

ರಚನೆ. ಚಿತ್ರದಲ್ಲಿ ಎರಡು ಎಳೆಗಳಿದ್ದು, ಒಂದಾದ ಮೇಲೊಂದರಂತೆ ಬರುತ್ತವೆ. ಲೆನರ್ಡ್ ಮೋಟೆಲ್ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡುವ ಕಪ್ಪು-ಬಿಳುಪು ದೃಶ್ಯಗಳು ಕಾಲಕ್ರಮದಲ್ಲಿ ಮುಂದೆ ಹೋಗುತ್ತವೆ. ವರ್ಣದೃಶ್ಯಗಳ ಸರಣಿ ಹಿಂದಕ್ಕೆ ಹೋಗುತ್ತದೆ. ಆದರೆ ಪ್ರತಿ ದೃಶ್ಯದ ಒಳಗೆ ಕಾಲ ಎಂದಿನಂತೆ ಮುಂದೆಯೇ ಹರಿಯುತ್ತದೆ. ನಿಜವಾಗಿ ಹಿಮ್ಮುಖವಾಗಿ ಓಡುವುದು ಪೋಲರಾಯ್ಡ್ ಚಿತ್ರ ಮಾಸುತ್ತ ಹೋಗುವ ಆರಂಭದ ತುಣುಕು ಮಾತ್ರ. ಕೊನೆಯ ಭಾಗದಲ್ಲಿ, ಜಿಮ್ಮಿ ಎಂಬವನ ಕೊಲೆಯ ನಂತರ ತೆಗೆದ ಫೋಟೊ ಮೂಡುತ್ತಿರುವಾಗಲೇ ಕಪ್ಪು-ಬಿಳುಪು ಬಣ್ಣಕ್ಕೆ ತಿರುಗಿ ಎರಡೂ ಎಳೆಗಳು ಕೂಡುತ್ತವೆ. ಹೀಗಾಗಿ ತೆರೆಯ ಮೇಲಿನ ಮುಕ್ತಾಯ ಕಥೆಯ ನಡುಭಾಗ.

ಒಂದು ಉದಾಹರಣೆ. ನಟಾಲಿ (ಕ್ಯಾರಿ-ಆನ್ ಮಾಸ್) ಪೆಟ್ಟು ತಿಂದ ಮುಖದೊಂದಿಗೆ ಮನೆಯೊಳಗೆ ಬಂದು, ಡಾಡ್ ಎಂಬವನು ಹೊಡೆದನೆಂದು ಹೇಳುತ್ತಾಳೆ. ಲೆನರ್ಡ್‌ನಂತೆ ಪ್ರೇಕ್ಷಕರೂ ಅದನ್ನು ನಂಬುತ್ತಾರೆ. ಆಮೇಲೆ ಬರುವ ವರ್ಣದೃಶ್ಯ ಅದಕ್ಕೂ ಹಿಂದಿನದು. ಅದರಲ್ಲಿ ಅವಳು ಮನೆಯ ಪೆನ್ನುಗಳನ್ನೆಲ್ಲ ಬಚ್ಚಿಟ್ಟು, ಲೆನರ್ಡ್‌ನನ್ನು ಕೆಣಕಿ ಅವನಿಂದಲೇ ಹೊಡೆಸಿಕೊಳ್ಳುತ್ತಾಳೆ. ಅವನು ಮರೆಯುವವರೆಗೆ ಹೊರಗೆ ಕಾರಿನಲ್ಲಿ ಕಾದು ಒಳಗೆ ಬರುತ್ತಾಳೆ. ಅವಳು ಬರುವ ಆ ಕ್ಷಣ ಮೊದಲು ಕಂಡ ದೃಶ್ಯದ ಆರಂಭವಾಗಿತ್ತು, ಈಗ ಈ ದೃಶ್ಯದ ಕೊನೆಯಾಗಿದೆ. ವರ್ಣದೃಶ್ಯಗಳನ್ನು ಜೋಡಿಸುವ ಕೊಂಡಿ ಈ ಪುನರಾವರ್ತನೆಯೇ.

ಅನುಸರಿಸುವ ಬಗೆ. ಪ್ರತಿ ವರ್ಣದೃಶ್ಯದ ಮೊದಲ ಕ್ಷಣವನ್ನು ನೆನಪಿಟ್ಟುಕೊಂಡರೆ, ಅದು ಮತ್ತೆ ಕಂಡಾಗ ಎರಡು ತುಣುಕುಗಳ ಸಂಬಂಧ ತಿಳಿಯುತ್ತದೆ. ಮುಂದೇನಾಗುತ್ತದೆ ಎಂಬುದಕ್ಕಿಂತ ಇದು ಏಕೆ ಹೀಗಾಯಿತು ಎಂದು ಕೇಳಿಕೊಳ್ಳುತ್ತ ನೋಡಬೇಕು. ವಸ್ತುಗಳೂ ನೆರವಾಗುತ್ತವೆ: ಆರಂಭದ ದೃಶ್ಯಗಳಲ್ಲಿ ಒಡೆದಿರುವ ಜಾಗ್ವಾರ್ ಕಾರಿನ ಕಿಟಕಿ ಮುಂದೆ ಇಡಿಯಾಗಿ ಕಂಡರೆ, ಕಥೆ ಅಷ್ಟು ಹಿಂದಕ್ಕೆ ಸರಿದಿದೆ ಎಂದರ್ಥ. ಪೂರ್ತಿ ಕಾಲಕ್ರಮ ಬೇಕಾದವರು ಕಪ್ಪು-ಬಿಳುಪು ದೃಶ್ಯಗಳನ್ನು ಬಂದ ಕ್ರಮದಲ್ಲೇ ಇಟ್ಟು, ಅವುಗಳ ನಂತರ ವರ್ಣದೃಶ್ಯಗಳನ್ನು ಕೊನೆಯದರಿಂದ ಮೊದಲಿನದಕ್ಕೆ ಜೋಡಿಸಬೇಕು.

ಮಿತಿ. ಹೀಗೆ ಜೋಡಿಸಿದ ಆವೃತ್ತಿಯನ್ನು ಒಂದು ವಿಶೇಷ ಡಿವಿಡಿಯಲ್ಲಿ ಅಡಗಿಸಿಡಲಾಗಿತ್ತು. ಅದರಲ್ಲಿ ನಟಾಲಿಯ ಸಂಚು ಮೊದಲೇ ಗೊತ್ತಾಗುವುದರಿಂದ, ನಾವು ಲೆನರ್ಡ್‌ನ ಜೊತೆ ಮೋಸಹೋಗುವುದಿಲ್ಲ. ಅವನು ಮೋಸಹೋಗುವುದನ್ನು ನೋಡುತ್ತೇವೆ. ಅಲ್ಲದೆ, ಕ್ರಮ ತಿಳಿದರೂ ಹೆಂಡತಿಯ ಸಾವಿನ ನಿಜ ಇತ್ಯರ್ಥವಾಗುವುದಿಲ್ಲ. ಲೆನರ್ಡ್‌ನ ತಲೆಗೆ ಪೆಟ್ಟಾದ ಹಲ್ಲೆಯಲ್ಲಿ ಆಕೆ ಬದುಕುಳಿದಿದ್ದಳು, ಸ್ಯಾಮಿ ಜಾಂಕಿಸ್ ಎಂಬವನದೆಂದು ಲೆನರ್ಡ್ ಹೇಳುವ ಕಥೆ ಅವನದೇ ಎಂದು ಟೆಡ್ಡಿ (ಜೋ ಪ್ಯಾಂಟೊಲಿಯಾನೊ) ಹೇಳುತ್ತಾನೆ. ಟೆಡ್ಡಿಯೂ ಸ್ವಾರ್ಥಿ, ಲೆನರ್ಡ್‌ನ ನೆನಪೂ ಭರವಸೆಯದಲ್ಲ. ಘಟನೆಗಳ ಕ್ರಮವನ್ನು ಪ್ರೇಕ್ಷಕರು ಮರಳಿ ಕಟ್ಟಬಹುದು. ಯಾರ ಮಾತು ನಿಜ ಎಂಬುದನ್ನು ಆ ಕ್ರಮ ತೀರ್ಮಾನಿಸುವುದಿಲ್ಲ.