ಯುರೇನಿಯಂ-ಸೀಸ ವಿಧಾನದಿಂದ ಶಿಲೆಗಳ ವಯೋನಿರ್ಣಯ ಮತ್ತು ಜಿರ್ಕಾನ್ ಹರಳಿನ ಪಾತ್ರ

ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿಗೆ ಸೇರಿರುತ್ತವೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಈ ಶಿಲೆಗೆ ಹೆಸರು ಬಂದಿರುತ್ತದೆ. ಸಿ.ಆರ್.ಎಲ್. ಫ್ರೆಂಡ್ ಮತ್ತು ಎ.ಪಿ. ನಟ್‌ಮನ್ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಗ್ರಾನೈಟಿನ ವಯಸ್ಸನ್ನು 251.3 ಕೋಟಿ ವರ್ಷಗಳೆಂದು ನಿರ್ಧರಿಸಲಾಗಿದ್ದು, ಹೆಚ್ಚುಕಡಿಮೆ 50 ಲಕ್ಷ ವರ್ಷಗಳ ವ್ಯತ್ಯಾಸಕ್ಕೆ ಅವಕಾಶವಿರುತ್ತದೆ. ಇಂತಹ ವಯಸ್ಸನ್ನು ಕಂಡುಹಿಡಿಯುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಮೂಲ ತತ್ವ

ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿರುತ್ತವೆ. ಯುರೇನಿಯಂ-238 ಹಲವು ಹಂತಗಳಲ್ಲಿ ಕ್ಷಯಿಸಿ ಕೊನೆಗೆ ಸೀಸ-206 ಆಗುತ್ತದೆ. ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 447 ಕೋಟಿ ವರ್ಷಗಳು ಬೇಕಾಗುತ್ತವೆ. ಯುರೇನಿಯಂ-235 ಸೀಸ-207 ಆಗುತ್ತದೆ. ಅದರ ಅರ್ಧಾಯು ಸುಮಾರು 70 ಕೋಟಿ ವರ್ಷಗಳು. ಈ ವೇಗವು ಶಾಖದಿಂದಾಗಲೀ ಒತ್ತಡದಿಂದಾಗಲೀ ಬದಲಾಗುವುದಿಲ್ಲ. ಆದ್ದರಿಂದ ಹರಳಿನಲ್ಲಿ ಉಳಿದಿರುವ ಯುರೇನಿಯಂ ಮತ್ತು ಸಂಗ್ರಹವಾಗಿರುವ ಸೀಸದ ಅನುಪಾತವನ್ನು ಅಳೆದರೆ, ಹರಳು ರೂಪುಗೊಂಡು ಎಷ್ಟು ಕಾಲವಾಯಿತೆಂಬುದನ್ನು ಲೆಕ್ಕ ಹಾಕಬಹುದಾಗಿದೆ.

2. ಜಿರ್ಕಾನ್ ಏಕೆ ಸೂಕ್ತ?

ಈ ಲೆಕ್ಕ ಸರಿಯಾಗಬೇಕಾದರೆ, ಆರಂಭದಲ್ಲಿ ಹರಳಿನೊಳಗೆ ಎಷ್ಟು ಸೀಸವಿತ್ತೆಂಬುದು ತಿಳಿದಿರಬೇಕು ಹಾಗೂ ಅನಂತರ ಯಾವುದೂ ಹೊರಹೋಗಿರಬಾರದು. ಜಿರ್ಕಾನ್ ಈ ಎರಡೂ ಷರತ್ತುಗಳನ್ನು ಬಹುಮಟ್ಟಿಗೆ ಪೂರೈಸುತ್ತದೆ. ಶಿಲಾಪಾಕವು ತಣಿಯುವಾಗ ಹರಳುಗಟ್ಟುವ ಈ ಖನಿಜದಲ್ಲಿ ಜಿರ್ಕೋನಿಯಂ ಪರಮಾಣುಗಳಿರುವ ಸ್ಥಾನಗಳಲ್ಲಿ ಯುರೇನಿಯಂ ಸುಲಭವಾಗಿ ಕೂಡುತ್ತದೆ. ಏಕೆಂದರೆ ಎರಡರ ವಿದ್ಯುದಾವೇಶ ಒಂದೇ, ಗಾತ್ರದಲ್ಲಿಯೂ ಹೆಚ್ಚು ಅಂತರವಿಲ್ಲ. ಸೀಸದ ಗಾತ್ರ ದೊಡ್ಡದಾಗಿದ್ದು ಆವೇಶವೂ ಬೇರೆಯಾಗಿರುವುದರಿಂದ ಅದಕ್ಕೆ ಅಲ್ಲಿ ಎಡೆ ದೊರೆಯುವುದಿಲ್ಲ. ಹೀಗಾಗಿ ಇಂದು ಒಳಗೆ ಕಂಡುಬರುವ ಸೀಸದ ಬಹುಪಾಲು ಅಲ್ಲಿಯೇ ಹುಟ್ಟಿದುದಾಗಿರುತ್ತದೆ. ಅಲ್ಪಸ್ವಲ್ಪ ಹೊರಗಿನ ಸೀಸ ಸೇರಿದ್ದರೆ, ಕ್ಷಯದಿಂದ ಉಂಟಾಗದ ಸೀಸ-204ರ ಪ್ರಮಾಣವನ್ನು ಅಳೆದು ಅದನ್ನು ಕಳೆಯಲಾಗುತ್ತದೆ. ಇದಲ್ಲದೆ ಜಿರ್ಕಾನ್ ಗಟ್ಟಿಯಾಗಿದ್ದು ಸುಲಭವಾಗಿ ಸವೆಯುವುದಿಲ್ಲ. ಹಾನಿಗೊಳ್ಳದ ಹರಳಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಸಮೀಪದ ಶಾಖದಲ್ಲಿಯೂ ಸೀಸವು ಬಹುತೇಕ ಕದಲುವುದಿಲ್ಲ.

3. ಪರೀಕ್ಷಾ ಕ್ರಮ

ಕೆಲವು ಕಿಲೋಗ್ರಾಂ ಶಿಲೆಯನ್ನು ಪುಡಿಮಾಡಿ, ಭಾರದ್ರವ ಮತ್ತು ಅಯಸ್ಕಾಂತದ ಸಹಾಯದಿಂದ ಜಿರ್ಕಾನ್ ಕಣಗಳನ್ನು ಬೇರ್ಪಡಿಸಲಾಗುತ್ತದೆ. ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಈ ಕಣಗಳನ್ನು ಸೂಕ್ಷ್ಮದರ್ಶಕದಡಿ ಆಯ್ದು, ಅಂಟಿನ ಬಿಲ್ಲೆಯಲ್ಲಿ ಕೂಡಿಸಿ, ಅರ್ಧದವರೆಗೆ ಉಜ್ಜಿ ನಯಗೊಳಿಸಲಾಗುತ್ತದೆ. ಒಳಗಿನ ಪದರಗಳ ಚಿತ್ರ ತೆಗೆದ ಬಳಿಕ, ಬಿರುಕಿಲ್ಲದ ಜಾಗದ ಮೇಲೆ ಅಯಾನು ಕಿರಣ ಅಥವಾ ಲೇಸರ್ ಹಾಯಿಸಿ, ಹೊರಬಂದ ಪರಮಾಣುಗಳನ್ನು ದ್ರವ್ಯರಾಶಿ ಮಾಪಕದಲ್ಲಿ ಅಳೆಯಲಾಗುತ್ತದೆ.

4. ಲೆಕ್ಕದ ಉದಾಹರಣೆ

251.3 ಕೋಟಿ ವರ್ಷ ವಯಸ್ಸಿನ, ಯಾವುದನ್ನೂ ಕಳೆದುಕೊಳ್ಳದ ಹರಳಿನಲ್ಲಿ, ಉಳಿದಿರುವ ಪ್ರತಿ 100 ಯುರೇನಿಯಂ-238 ಪರಮಾಣುಗಳಿಗೆ ಸುಮಾರು 48 ಸೀಸ-206 ಪರಮಾಣುಗಳಿರುತ್ತವೆ. ಉಳಿದಿರುವ ಪ್ರತಿ 100 ಯುರೇನಿಯಂ-235 ಪರಮಾಣುಗಳಿಗೆ ಸುಮಾರು 1,088 ಸೀಸ-207 ಪರಮಾಣುಗಳಿರುತ್ತವೆ. ಎರಡೂ ಗಡಿಯಾರಗಳು ಒಂದೇ ವಯಸ್ಸನ್ನು ಸೂಚಿಸುತ್ತವೆ.

ಇದೇ ಹರಳು ಇತ್ತೀಚಿನ ಕಾಲದಲ್ಲಿ ತನ್ನ ಸೀಸದ ಕಾಲುಭಾಗವನ್ನು ಕಳೆದುಕೊಂಡಿದೆಯೆಂದು ಭಾವಿಸೋಣ. ಆಗ ಮೊದಲನೆಯ ಗಡಿಯಾರ ಸುಮಾರು 197 ಕೋಟಿ ವರ್ಷಗಳನ್ನೂ, ಎರಡನೆಯದು ಸುಮಾರು 225 ಕೋಟಿ ವರ್ಷಗಳನ್ನೂ ತೋರಿಸುತ್ತದೆ. ಒಂದೇ ಗಡಿಯಾರವಿದ್ದಿದ್ದರೆ ತಪ್ಪು ವಯಸ್ಸು ಸರಿಯೆಂದೇ ದಾಖಲಾಗುತ್ತಿತ್ತು. ಎರಡರ ನಡುವಿನ ಹೊಂದಾಣಿಕೆ ತಪ್ಪಿರುವುದರಿಂದಲೇ ದೋಷ ಬಯಲಾಗುತ್ತದೆ. ಎರಡೂ ಬಗೆಯ ಸೀಸವು ಒಂದೇ ಪ್ರಮಾಣದಲ್ಲಿ ಹೊರಹೋಗಿರುವುದರಿಂದ ಅವುಗಳ ಪರಸ್ಪರ ಅನುಪಾತ ಬದಲಾಗಿರುವುದಿಲ್ಲ. ಆ ಅನುಪಾತದಿಂದ 251.3 ಕೋಟಿ ವರ್ಷಗಳೆಂಬ ನಿಜವಾದ ವಯಸ್ಸು ಮರಳಿ ದೊರೆಯುತ್ತದೆ. ಸೀಸವು ಬಹು ಹಿಂದೆಯೇ ಹೊರಹೋಗಿದ್ದರೆ ಈ ಅನುಪಾತವೊಂದೇ ಸಾಲದು. ಹಲವು ಕಣಗಳ ಅಳತೆಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ ನಿರ್ಧರಿಸಬೇಕಾಗುತ್ತದೆ.

5. ಮಿತಿಗಳು

ಯುರೇನಿಯಂ ಹೆಚ್ಚಾಗಿರುವ ಹರಳಿನ ರಚನೆಯು ಅದರದೇ ವಿಕಿರಣದಿಂದ ಕಾಲಕ್ರಮೇಣ ಹಾಳಾಗಿ, ಸೀಸ ಸೋರಲು ದಾರಿಯಾಗುತ್ತದೆ. ಮೇಲೆ ಹೇಳಿದ ಹೊಂದಾಣಿಕೆಯ ಕೊರತೆಗೆ ಬಹುಮಟ್ಟಿಗೆ ಇದೇ ಕಾರಣ. ಎರಡನೆಯದಾಗಿ, ಗ್ರಾನೈಟಿನ ಕೆಲವು ಜಿರ್ಕಾನ್‌ಗಳ ನಡುವೆ ಹಿಂದಿನ ಶಿಲೆಯಿಂದ ಬಂದ ಹಳೆಯ ತಿರುಳು ಉಳಿದಿರುವ ಸಂಭವವಿರುತ್ತದೆ. ಅಲ್ಲಿ ಅಳೆದರೆ ಎರಡೂ ಗಡಿಯಾರಗಳು ಹೊಂದಿಕೆಯಾಗಿದ್ದರೂ ದೊರೆಯುವುದು ಗ್ರಾನೈಟಿನ ವಯಸ್ಸಲ್ಲ, ತಿರುಳಿನ ವಯಸ್ಸು. ಈ ತಪ್ಪನ್ನು ಸಂಖ್ಯೆಗಳು ತೋರಿಸಿಕೊಡುವುದಿಲ್ಲ, ಪದರಗಳ ಚಿತ್ರ ತೋರಿಸಿಕೊಡುತ್ತದೆ. ಮರಳುಗಲ್ಲಿನ ಜಿರ್ಕಾನ್ ಕೂಡ ಬೇರೆಡೆಯಿಂದ ಹರಿದುಬಂದುದಾಗಿರುವುದರಿಂದ, ಆ ಮರಳುಗಲ್ಲು ಅದಕ್ಕಿಂತ ಹಳೆಯದಲ್ಲವೆಂಬುದನ್ನು ಮಾತ್ರ ತಿಳಿಸುತ್ತದೆ.