ರಫ್ತು ಗುತ್ತಿಗೆ: ದರ ನಮೂದಿಸಿದ ದಿನವೇ ಆರಂಭವಾಗುವ ವಿನಿಮಯ ದರದ ಅಪಾಯ

ಬೆಂಗಳೂರು: ಯಂತ್ರೋಪಕರಣ, ಸ್ಥಾವರ ನಿರ್ಮಾಣ, ತಂತ್ರಾಂಶ ಅಭಿವೃದ್ಧಿಯಂತಹ ಕ್ಷೇತ್ರಗಳಲ್ಲಿ ವಿದೇಶಿ ಗ್ರಾಹಕರಿಗೆ ಡಾಲರ್ ಅಥವಾ ಯೂರೋ ಲೆಕ್ಕದಲ್ಲಿ ದರಪಟ್ಟಿ ನೀಡುವುದು ರೂಢಿ. ಕೆಲಸ ಮುಗಿದು ಪೂರ್ಣ ಹಣ ಕೈಸೇರಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಈ ಅವಧಿಯಲ್ಲಿ ರೂಪಾಯಿಯ ಮೌಲ್ಯ ಬದಲಾದರೆ ಉದ್ಯಮಿಯ ಲಾಭವೂ ಬದಲಾಗುತ್ತದೆ. ಈ ಅಪಾಯ ಸರಕುಪಟ್ಟಿ ಸಿದ್ಧವಾದಾಗ ಆರಂಭವಾಗುತ್ತದೆ ಎಂದು ಅನೇಕ ಸಣ್ಣ ಉದ್ಯಮಿಗಳು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಆರಂಭವಾಗುವುದು ದರಪಟ್ಟಿಗೆ ಸಹಿ ಹಾಕಿದ ದಿನ.

ಇದರ ಎರಡೂ ಮುಖಗಳನ್ನು ದೇಶದ ರಫ್ತುದಾರರು ಎರಡೇ ವರ್ಷಗಳಲ್ಲಿ ಕಂಡಿದ್ದಾರೆ. 2007ರ ಆರಂಭದಲ್ಲಿ ಡಾಲರ್‌ಗೆ 44 ರೂಪಾಯಿಯ ಆಸುಪಾಸಿನಲ್ಲಿದ್ದ ದರ ಅದೇ ವರ್ಷದ ಕೊನೆಯ ಹೊತ್ತಿಗೆ 40 ರೂಪಾಯಿಗಿಂತ ಕೆಳಗಿಳಿಯಿತು. ಹಳೆಯ ದರ ನಂಬಿ ಡಾಲರ್‌ನಲ್ಲಿ ಬೆಲೆ ಒಪ್ಪಿಕೊಂಡವರ ಲಾಭ ಕರಗಿತು. ಮರುವರ್ಷ, ಅಂದರೆ 2008ರ ಕೊನೆಗೆ, ದರ 50 ರೂಪಾಯಿಯ ಸಮೀಪಕ್ಕೆ ಏರಿತು. ಆಗ ಪೆಟ್ಟು ತಿಂದವರು, ರೂಪಾಯಿ ಇನ್ನಷ್ಟು ಬಲಗೊಳ್ಳುತ್ತದೆ ಎಂಬ ಭರವಸೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಡಾಲರ್ ಮಾರಾಟದ ಒಪ್ಪಂದಕ್ಕೆ ಒಳಗಾಗಿದ್ದವರು.

ನಿಜವಾದ ಅಪಾಯ ಎಷ್ಟು?

ವಿಷಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ಲೆಕ್ಕ ಸುಲಭವಾಗಲೆಂದು ಇಲ್ಲಿ ದುಂಡು ಸಂಖ್ಯೆಗಳನ್ನು ಬಳಸಲಾಗಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಘಟಕ ಅಮೆರಿಕದ ಗ್ರಾಹಕನಿಗೆ ವಿಶೇಷೋದ್ದೇಶದ ಯಂತ್ರವೊಂದನ್ನು ತಯಾರಿಸಿಕೊಡಲು 5 ಲಕ್ಷ ಡಾಲರ್ ದರ ನಮೂದಿಸುತ್ತದೆ. ಅಂದಿನ ವಿನಿಮಯ ದರ 80 ರೂಪಾಯಿ ಎಂದಿಟ್ಟುಕೊಂಡರೆ ಆದಾಯ 4 ಕೋಟಿ ರೂಪಾಯಿ. ಯಂತ್ರದ ನಿಯಂತ್ರಕ, ಸರ್ವೊ ಮೋಟಾರು ಮೊದಲಾದ ಆಮದು ಬಿಡಿಭಾಗಗಳಿಗೆ 1.20 ಲಕ್ಷ ಡಾಲರ್, ಅಂದರೆ 96 ಲಕ್ಷ ರೂಪಾಯಿ ಬೇಕು. ಉಕ್ಕು, ಎರಕ, ಕೂಲಿ, ವಿದ್ಯುತ್ ಹಾಗೂ ಇತರ ಸ್ಥಳೀಯ ವೆಚ್ಚ 2.64 ಕೋಟಿ. ಉಳಿಯುವ ಲಾಭ 40 ಲಕ್ಷ, ಅಂದರೆ ಶೇ 10.

ಇಲ್ಲಿ ಅಪಾಯಕ್ಕೆ ಒಳಗಾಗಿರುವ ಮೊತ್ತ 5 ಲಕ್ಷ ಡಾಲರ್ ಅಲ್ಲ. ಬಿಡಿಭಾಗಗಳ ಬೆಲೆಯೂ ಡಾಲರ್‌ನಲ್ಲೇ ಇರುವುದರಿಂದ ಅಷ್ಟು ಭಾಗದಲ್ಲಿ ಬರುವ ಹಣ ಹಾಗೂ ಹೋಗುವ ಹಣ ಒಂದನ್ನೊಂದು ಸರಿದೂಗಿಸುತ್ತವೆ. ಉಳಿದ 3.80 ಲಕ್ಷ ಡಾಲರ್ ಮಾತ್ರ ರೂಪಾಯಿಗೆ ಪರಿವರ್ತನೆಯಾಗಬೇಕಾದ ಮೊತ್ತ. ಬೇಕಿಲ್ಲದಿದ್ದರೂ ಪೂರ್ಣ 5 ಲಕ್ಷಕ್ಕೆ ರಕ್ಷಣೆ ಪಡೆಯುವುದು ಇನ್ನೊಂದು ದಿಕ್ಕಿನ ಜೂಜಾಗುತ್ತದೆ. ಆದರೆ ಬಿಡಿಭಾಗಗಳು ಜಪಾನಿನ ಯೆನ್ ಅಥವಾ ಯೂರೋ ಬೆಲೆಯಲ್ಲಿದ್ದರೆ ಈ ಸರಿದೂಗಿಕೆ ದೊರೆಯುವುದಿಲ್ಲ. ಆಗ ಎರಡೂ ಕರೆನ್ಸಿಗಳ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಇಡಬೇಕಾಗುತ್ತದೆ.

ರೂಪಾಯಿ ಬಲಗೊಂಡು ದರ 76ಕ್ಕೆ ಇಳಿದರೆ ಪ್ರತಿ ಡಾಲರ್‌ಗೆ 4 ರೂಪಾಯಿಯಂತೆ 15.20 ಲಕ್ಷ ಖೋತಾ. ಲಾಭ 40 ಲಕ್ಷದಿಂದ 24.80 ಲಕ್ಷಕ್ಕೆ ಇಳಿಯುತ್ತದೆ. ವಿನಿಮಯ ದರ ಬದಲಾದದ್ದು ಕೇವಲ ಶೇ 5. ಲಾಭದಲ್ಲಿ ಹೋದದ್ದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸ್ಥಳೀಯ ವೆಚ್ಚವಾದ 2.64 ಕೋಟಿಯನ್ನು 3.80 ಲಕ್ಷದಿಂದ ಭಾಗಿಸಿದರೆ 69 ರೂಪಾಯಿ 47 ಪೈಸೆ ದೊರೆಯುತ್ತದೆ. ದರ ಅದಕ್ಕಿಂತ ಕೆಳಗಿಳಿದರೆ ಘಟಕ ಕೈಯಿಂದ ಹಣ ಹಾಕಿ ಯಂತ್ರ ಕೊಟ್ಟಂತಾಗುತ್ತದೆ. ಈ ಎರಡು ಸಂಖ್ಯೆಗಳು, ಅಂದರೆ ನಿವ್ವಳ ಡಾಲರ್ ಮೊತ್ತ ಮತ್ತು ಲಾಭ ಶೂನ್ಯವಾಗುವ ದರ, ವೆಚ್ಚಪಟ್ಟಿಯ ಮೊದಲ ಪುಟದಲ್ಲೇ ಇರಬೇಕು.

ದರಪಟ್ಟಿಯಿಂದ ಆದೇಶದವರೆಗೆ

ಅತಿ ತೊಡಕಿನ ಹಂತ ಇದೇ. ದರಪಟ್ಟಿಗೆ 60 ದಿನಗಳ ಮಾನ್ಯತೆ ನೀಡಿದರೆ, ಅಷ್ಟೂ ದಿನ ಗ್ರಾಹಕ ಆ ಬೆಲೆಗೆ ಒಪ್ಪಿಕೊಳ್ಳುವ ಹಕ್ಕು ಹೊಂದಿರುತ್ತಾನೆ. ಉದ್ಯಮಿಗೆ ಹಿಂದೆ ಸರಿಯುವ ಅವಕಾಶವಿಲ್ಲ. ಈ ಹಂತದಲ್ಲೇ ಬ್ಯಾಂಕಿನೊಂದಿಗೆ ಡಾಲರ್ ಮಾರುವ ಫಾರ್ವರ್ಡ್ ಒಪ್ಪಂದ ಮಾಡಿಕೊಂಡು, ಬಳಿಕ ಆದೇಶ ಕೈತಪ್ಪಿದರೆ, ಇಲ್ಲದ ಡಾಲರ್ ಮಾರಬೇಕಾದ ಪರಿಸ್ಥಿತಿ ಬರುತ್ತದೆ.

ಆದ್ದರಿಂದ ಇಲ್ಲಿ ನೆರವಿಗೆ ಬರುವುದು ದರಪಟ್ಟಿಯ ಷರತ್ತುಗಳು. ಮೊದಲನೆಯದು ಮಾನ್ಯತೆಯ ಅವಧಿಯನ್ನು ಮೊಟಕುಗೊಳಿಸುವುದು. ಎರಡನೆಯದು ಮೂಲ ದರವನ್ನು ದರಪಟ್ಟಿಯಲ್ಲೇ ಬರೆಯುವುದು. ಬೆಲೆ ಯಾವ ವಿನಿಮಯ ದರದ ಮೇಲೆ ನಿಂತಿದೆ, ಅದನ್ನು ಯಾವ ಪ್ರಕಟಿತ ದರದೊಂದಿಗೆ ಹೋಲಿಸಲಾಗುವುದು ಎಂಬುದು ಸ್ಪಷ್ಟವಿರಬೇಕು. ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿದ್ದ ಉಲ್ಲೇಖ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುತ್ತಿದೆ. ಇಬ್ಬರೂ ಪರಿಶೀಲಿಸಬಹುದಾದ ಅಂತಹ ದರವನ್ನೇ ಹೆಸರಿಸುವುದು ಸೂಕ್ತ. 'ಅಂದಿನ ಮಾರುಕಟ್ಟೆ ದರ' ಎಂದಷ್ಟೇ ಬರೆದರೆ ಜಗಳಕ್ಕೆ ದಾರಿ.

ಮೂರನೆಯದು ಹಂಚಿಕೆಯ ಷರತ್ತು. ಮೇಲಿನ ಉದಾಹರಣೆಯಲ್ಲಿ ಶೇ 2.5ರವರೆಗಿನ ಏರಿಳಿತವನ್ನು ಘಟಕವೇ ಭರಿಸುವುದು, ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳುವುದು ಎಂದು ಬರೆದಿದ್ದರೆ, 78 ರೂಪಾಯಿಯವರೆಗೆ ಬೆಲೆ ಬದಲಾಗದು. ಆದೇಶದ ದಿನ ದರ 76 ಇದ್ದರೆ ಹೆಚ್ಚುವರಿ ವ್ಯತ್ಯಾಸ 2 ರೂಪಾಯಿ. ನಿವ್ವಳ 3.80 ಲಕ್ಷ ಡಾಲರ್‌ಗೆ ಇದು 7.60 ಲಕ್ಷ ರೂಪಾಯಿ; ಅದರ ಅರ್ಧ 3.80 ಲಕ್ಷ. ಗ್ರಾಹಕ ಹೆಚ್ಚು ಕೊಡಬೇಕಾದದ್ದು 5,000 ಡಾಲರ್, ಅಂದರೆ ಬೆಲೆಯ ಶೇ 1 ಮಾತ್ರ. ದರ ವಿರುದ್ಧ ದಿಕ್ಕಿಗೆ ಹೋದರೆ ಗ್ರಾಹಕನಿಗೂ ಅಷ್ಟೇ ರಿಯಾಯಿತಿ ಸಿಗಬೇಕು. ಏಕಪಕ್ಷೀಯ ಷರತ್ತಿಗೆ ಗ್ರಾಹಕ ಒಪ್ಪುವುದು ಅಪರೂಪ.

ರೂಪಾಯಿಯಲ್ಲೇ ದರ ನಮೂದಿಸಿದರೆ ಈ ತಾಪತ್ರಯವಿಲ್ಲ ಎಂಬುದು ನಿಜ. ಆದರೆ ಆಗ ಇಡೀ ಅಪಾಯ ಗ್ರಾಹಕನ ಹೆಗಲೇರುತ್ತದೆ. ಡಾಲರ್‌ನಲ್ಲಿ ಬೆಲೆ ಹೇಳುವ ಪ್ರತಿಸ್ಪರ್ಧಿ ಇರುವಾಗ ಅಂತಹ ದರಪಟ್ಟಿ ಸ್ಪರ್ಧೆಯಲ್ಲಿ ಹಿಂದುಳಿಯುವ ಸಂಭವವೇ ಹೆಚ್ಚು.

ಆದೇಶ ಕೈಸೇರಿದ ಮೇಲೆ

ದರ 80 ರೂಪಾಯಿಯಲ್ಲೇ ಇರುವಾಗ ಆದೇಶ ಬಂದಿತು ಎಂದು ಭಾವಿಸೋಣ. ಹಣ ಪಾವತಿ ಮೂರು ಕಂತುಗಳಲ್ಲಿ: ಆದೇಶದೊಂದಿಗೆ ಶೇ 30 ಮುಂಗಡ, 12 ತಿಂಗಳ ನಂತರ ರವಾನೆಯ ವೇಳೆ ಶೇ 60, ಯಂತ್ರ ಸ್ಥಾಪನೆಯಾಗಿ ಪರೀಕ್ಷೆ ಮುಗಿದ ಮೇಲೆ ಶೇ 10.

ಮುಂಗಡವಾಗಿ ಬಂದ 1.50 ಲಕ್ಷ ಡಾಲರ್ ಅನ್ನು ಒಮ್ಮೆಲೇ ರೂಪಾಯಿಗೆ ಪರಿವರ್ತಿಸಿ, ಬಳಿಕ ಬಿಡಿಭಾಗಗಳಿಗಾಗಿ ಮತ್ತೆ ಡಾಲರ್ ಕೊಳ್ಳುವುದು ಸಾಮಾನ್ಯವಾಗಿ ಕಾಣುವ ತಪ್ಪು. ಕೊಳ್ಳುವಾಗ ಒಂದು ದರ, ಮಾರುವಾಗ ಇನ್ನೊಂದು ದರ ಇರುವುದರಿಂದ ಎರಡು ಬಾರಿ ನಷ್ಟ. ಬದಲಿಗೆ ರಫ್ತುದಾರರಿಗೆಂದೇ ಇರುವ ಇಇಎಫ್‌ಸಿ ವಿದೇಶಿ ಕರೆನ್ಸಿ ಖಾತೆಗೆ ಜಮಾ ಮಾಡಿಸಿ, ಅಲ್ಲಿಂದಲೇ 1.20 ಲಕ್ಷ ಡಾಲರ್ ಅನ್ನು ಬಿಡಿಭಾಗ ಪೂರೈಕೆದಾರರಿಗೆ ಪಾವತಿಸಬಹುದು. ಈ ಖಾತೆಯಲ್ಲಿ ಹಣ ಇಟ್ಟುಕೊಳ್ಳಲು ಕಾಲಮಿತಿ ಇರುವುದರಿಂದ ಖರೀದಿ ಆದೇಶವನ್ನು ವಿಳಂಬ ಮಾಡುವಂತಿಲ್ಲ. ಉಳಿದ 30 ಸಾವಿರ ಡಾಲರ್ ಅನ್ನು ಅಂದೇ ಮಾರಿದರೆ 24 ಲಕ್ಷ ರೂಪಾಯಿ ಸಿಗುತ್ತದೆ.

ಎರಡನೇ ಕಂತಿನ 3 ಲಕ್ಷ ಡಾಲರ್‌ಗೆ ಫಾರ್ವರ್ಡ್ ಒಪ್ಪಂದ ಸೂಕ್ತ. ಇದರಲ್ಲಿ ಒಂದು ವರ್ಷದ ನಂತರ ಕೊಡಬೇಕಾದ ಡಾಲರ್‌ಗೆ ಇಂದೇ ದರ ನಿಗದಿಯಾಗುತ್ತದೆ. ಭಾರತದಲ್ಲಿನ ಬಡ್ಡಿ ದರ ಅಮೆರಿಕದ್ದಕ್ಕಿಂತ ಹೆಚ್ಚಿರುವಾಗ ಈ ಮುಂದಿನ ದರ ಇಂದಿನ ದರಕ್ಕಿಂತ ಹೆಚ್ಚಿರುತ್ತದೆ. ಈ ವ್ಯತ್ಯಾಸ ಬ್ಯಾಂಕಿನ ಭವಿಷ್ಯವಾಣಿಯಲ್ಲ, ಎರಡು ದೇಶಗಳ ಬಡ್ಡಿ ದರಗಳ ಅಂತರ. ಉದಾಹರಣೆಗೆ ಅದು ಶೇ 2 ಎಂದಾದರೆ ಒಪ್ಪಂದದ ದರ 81 ರೂಪಾಯಿ 60 ಪೈಸೆ.

ಆದರೆ ಪೂರ್ಣ 3 ಲಕ್ಷಕ್ಕೆ ಒಪ್ಪಂದ ಮಾಡಿಕೊಳ್ಳುವ ಬದಲು ಶೇ 80ರಷ್ಟಕ್ಕೆ, ಅಂದರೆ 2.40 ಲಕ್ಷಕ್ಕೆ, ಸೀಮಿತಗೊಳಿಸುವುದು ಉತ್ತಮ. ರವಾನೆ ತಡವಾಗುವುದು ಯಂತ್ರೋದ್ಯಮದಲ್ಲಿ ಹೊಸತಲ್ಲ. ಕೊನೆಯ 50 ಸಾವಿರ ಡಾಲರ್ ಯಾವಾಗ ಬರುತ್ತದೆ, ಪೂರ್ತಿ ಬರುತ್ತದೆಯೇ ಎಂಬುದೇ ಅನಿಶ್ಚಿತ. ಅದನ್ನು ಸದ್ಯಕ್ಕೆ ಮುಕ್ತವಾಗಿ ಬಿಡಬಹುದು.

ಫಲಿತಾಂಶ ಹೀಗಿರುತ್ತದೆ. ವರ್ಷದ ನಂತರ ದರ 76ಕ್ಕೆ ಇಳಿದು ಅಲ್ಲೇ ನಿಂತರೆ, ರಕ್ಷಣೆ ಇಲ್ಲದ ಘಟಕಕ್ಕೆ ಉಳಿಯುವ ಲಾಭ 26 ಲಕ್ಷ. ರಕ್ಷಣೆ ಪಡೆದ ಘಟಕಕ್ಕೆ ಸುಮಾರು 39.44 ಲಕ್ಷ. ದರ 86ಕ್ಕೆ ಏರಿದರೆ ಮೊದಲಿನದಕ್ಕೆ 61 ಲಕ್ಷ, ಎರಡನೆಯದಕ್ಕೆ 50.44 ಲಕ್ಷ. ಕೈತಪ್ಪಿದ ಈ ಹತ್ತೂವರೆ ಲಕ್ಷವನ್ನು ನಷ್ಟವೆಂದು ಬಗೆದು ಮುಂದಿನ ಬಾರಿ ಒಪ್ಪಂದವನ್ನೇ ಕೈಬಿಡುವವರಿದ್ದಾರೆ. ದರಪಟ್ಟಿ ಸಿದ್ಧಪಡಿಸುವಾಗ ಗುರಿಯಿದ್ದದ್ದು 40 ಲಕ್ಷದ ಲಾಭ ಎಂಬುದನ್ನು ಅವರು ಮರೆಯುತ್ತಾರೆ.

ರವಾನೆ ತಡವಾದರೆ

ಫಾರ್ವರ್ಡ್ ಒಪ್ಪಂದದ ದಿನ ಬಂದರೂ ಯಂತ್ರ ಸಿದ್ಧವಾಗಿಲ್ಲ, ದರ 86 ಇದೆ ಎಂದಿಟ್ಟುಕೊಳ್ಳೋಣ. ಬ್ಯಾಂಕ್ ಹಳೆಯ ಒಪ್ಪಂದವನ್ನು ಅಂದಿನ ದರದಲ್ಲಿ ಚುಕ್ತಾ ಮಾಡಿ ಹೊಸ ಒಪ್ಪಂದ ಬರೆಯುತ್ತದೆ. ಪ್ರತಿ ಡಾಲರ್‌ಗೆ 4 ರೂಪಾಯಿ 40 ಪೈಸೆಯಂತೆ 10.56 ಲಕ್ಷ ರೂಪಾಯಿಯನ್ನು ಘಟಕ ಕೂಡಲೇ ಕಟ್ಟಬೇಕು. ಹೊಸ ಒಪ್ಪಂದದ ದರ ಹೆಚ್ಚಿರುವುದರಿಂದ ಈ ಹಣ ಮುಂದೆ ಮರಳಿ ಬರುತ್ತದೆ. ಆದರೆ ಕೂಲಿ, ಸಾಲದ ಕಂತು ಕಟ್ಟಬೇಕಾದ ತಿಂಗಳಲ್ಲಿ ಅಷ್ಟು ನಗದು ಹೊಂದಿಸುವುದು ಕಷ್ಟ. ಗ್ರಾಹಕ ಆದೇಶವನ್ನೇ ರದ್ದುಪಡಿಸಿದರೆ ಮಾತ್ರ ಅದು ನಿಜವಾದ ನಷ್ಟ.

ಆದ್ದರಿಂದ ಒಪ್ಪಂದದ ದಿನಾಂಕವನ್ನು ಕಾರ್ಖಾನೆಯ ಪ್ರಗತಿಯೊಂದಿಗೆ ತಾಳೆ ನೋಡುತ್ತಿರಬೇಕು. ಆಮದು ನಿಯಂತ್ರಕ ಬರುವುದು ಆರು ವಾರ ತಡವಾದರೆ ರವಾನೆಯೂ ತಡವಾಗುತ್ತದೆ ಎಂಬ ಸೂಚನೆ ತಿಂಗಳುಗಳ ಮೊದಲೇ ಸಿಗುತ್ತದೆ. ಆಗಲೇ ಬ್ಯಾಂಕಿಗೆ ತಿಳಿಸಿದರೆ ನಗದು ಹೊಂದಿಸಿಕೊಳ್ಳಲು ಸಮಯವಿರುತ್ತದೆ. ಒಂದೇ ದಿನಾಂಕದ ಬದಲು, ನಿಗದಿತ ಅವಧಿಯೊಳಗೆ ಯಾವ ದಿನವಾದರೂ ಡಾಲರ್ ನೀಡಬಹುದಾದ ಒಪ್ಪಂದವನ್ನೂ ಬ್ಯಾಂಕುಗಳು ಮಾಡಿಕೊಡುತ್ತವೆ. ಬ್ಯಾಂಕ್ ಕೋರುವ ದರ ಮಾರುಕಟ್ಟೆ ದರಕ್ಕಿಂತ ಎಷ್ಟು ದೂರವಿದೆ ಎಂಬುದನ್ನು ಹೋಲಿಸಲು ಕ್ಲಿಯರಿಂಗ್ ಕಾರ್ಪೊರೇಷನ್ 2019ರ ಆಗಸ್ಟ್‌ನಲ್ಲಿ ಆರಂಭಿಸಿದ ಎಫ್‌ಎಕ್ಸ್-ರೀಟೇಲ್ ವೇದಿಕೆ ಸಣ್ಣ ಗ್ರಾಹಕರಿಗೆ ನೆರವಾಗುತ್ತದೆ.

ಆಯ್ಕೆ ಒಪ್ಪಂದ: ಕೊಳ್ಳುವುದು ಬೇರೆ, ಮಾರುವುದು ಬೇರೆ

ಅನಿಶ್ಚಿತ ಮೊತ್ತಕ್ಕೆ ಆಪ್ಷನ್ ಕೊಳ್ಳುವ ದಾರಿಯೂ ಇದೆ. ಶುಲ್ಕ ತೆತ್ತು, ನಿಗದಿತ ದರದಲ್ಲಿ ಡಾಲರ್ ಮಾರುವ ಹಕ್ಕನ್ನು ಮಾತ್ರ ಪಡೆಯಬಹುದು. ಮಾರಲೇಬೇಕೆಂಬ ಬಾಧ್ಯತೆ ಇಲ್ಲ. ಗರಿಷ್ಠ ನಷ್ಟ ಆ ಶುಲ್ಕವಷ್ಟೇ. ಆದರೆ ಶುಲ್ಕ ಉಳಿಸುವ ನೆಪದಲ್ಲಿ ಉದ್ಯಮಿಯೇ ಬ್ಯಾಂಕಿಗೆ ಇನ್ನೊಂದು ಹಕ್ಕನ್ನು ಮಾರುವ 'ಶೂನ್ಯ ವೆಚ್ಚ'ದ ಒಪ್ಪಂದಗಳು ಬೇರೆಯೇ ಜಾತಿಯವು. 2007-08ರಲ್ಲಿ ತಿರುಪ್ಪೂರಿನ ಉಡುಪು ರಫ್ತುದಾರರೂ ಸೇರಿದಂತೆ ಹಲವರು ಇಂತಹ ಜಟಿಲ ಒಪ್ಪಂದಗಳಿಂದ ಭಾರಿ ನಷ್ಟ ಅನುಭವಿಸಿ ನ್ಯಾಯಾಲಯದ ಮೆಟ್ಟಿಲೇರಿದ್ದರು.

ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವುದು ಕ್ಷೇಮ: ಡಾಲರ್ ಎರಡೂ ದಿಕ್ಕಿನಲ್ಲಿ 10 ರೂಪಾಯಿ ಸರಿದರೆ ತಾನು ಕಟ್ಟಬೇಕಾದ ಹಣ ಎಷ್ಟು? ಅದಕ್ಕೆ ಒಂದೇ ಸಾಲಿನ ಉತ್ತರ ದೊರೆಯದಿದ್ದರೆ, ಆ ಒಪ್ಪಂದ ಲಾಭವನ್ನು ರಕ್ಷಿಸುವುದಕ್ಕಾಗಿ ರೂಪುಗೊಂಡಿದ್ದಲ್ಲ ಎಂದೇ ತಿಳಿಯಬೇಕು.