ಸ್ಟಾಕ್ ಇರುವವರೆಗೆ ಮಾತ್ರ

ಆಷಾಢದ ಸೇಲ್ ಮುಗಿದು ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಅಂಗಡಿಗಳ ಬ್ಯಾನರಿನಲ್ಲಿ ಒಂದು ಸಾಲು ತಪ್ಪದೆ ಹತ್ತಿ ಕೂರುತ್ತದೆ: 'ಸ್ಟಾಕ್ ಇರುವವರೆಗೆ ಮಾತ್ರ'. ದೀಪಾವಳಿ ಮುಗಿಯುವ ತನಕ ಅದು ಕೆಳಗಿಳಿಯುವುದಿಲ್ಲ. ಬರೆಯುವವರು ಅದನ್ನು ಅಭ್ಯಾಸಬಲದಿಂದ ಬರೆಯುತ್ತಾರೆ, ಓದುವವರು ಅಷ್ಟೇ ಉದಾಸೀನದಿಂದ ಓದುತ್ತಾರೆ. ಆದರೆ ನಲವತ್ತು ವರ್ಷಗಳಲ್ಲಿ ನಮ್ಮ ಕಾನೂನು ಈ ಸಾಲನ್ನು ನೋಡುವ ರೀತಿ ಮೂರು ಬಾರಿ ಬದಲಾಗಿದೆ. ಹಬ್ಬದ ಜಾಹೀರಾತು ಬರೆಯುವವರಲ್ಲಿ ಹೆಚ್ಚಿನವರು ಇನ್ನೂ ಮೊದಲನೆಯ ಹಂತದಲ್ಲೇ ನಿಂತಿದ್ದಾರೆ.

ಆ ಹಂತ ಶುರುವಾದದ್ದು 1984ರಲ್ಲಿ. ಏಕಸ್ವಾಮ್ಯ ತಡೆಯಲೆಂದು 1969ರಲ್ಲಿ ಬಂದಿದ್ದ ಎಂಆರ್‌ಟಿಪಿ ಕಾಯ್ದೆಗೆ ಆ ವರ್ಷ 36ಎ ಎಂಬ ಕಲಮು ಸೇರಿತು. ಸಾಚಾರ್ ಸಮಿತಿಯ ಶಿಫಾರಸಿನ ಫಲ ಅದು. ಅದರಲ್ಲಿ ಹಬ್ಬದ ವ್ಯಾಪಾರಕ್ಕೆ ನೇರವಾಗಿ ತಾಗುವ ಮಾತು ಎರಡಿದ್ದವು. ಒಂದು, ಕಡಿಮೆ ಬೆಲೆಗೆ ಕೊಡುತ್ತೇನೆಂದು ಸಾರಿದ ಮೇಲೆ ಸಾಕಷ್ಟು ಮಾಲು ಸಾಕಷ್ಟು ಕಾಲ ಇರಬೇಕು. ಎಷ್ಟಿದ್ದರೆ ಸಾಕು ಎಂಬುದನ್ನು ವ್ಯಾಪಾರದ ಗಾತ್ರ ಮತ್ತು ಜಾಹೀರಾತಿನ ಸ್ವರೂಪ ನೋಡಿ ತೀರ್ಮಾನಿಸಬೇಕು. ಪೇಟೆಬೀದಿಯ ಅಂಗಡಿಯವನು ಬಾಗಿಲಿಗೆ ಹಲಗೆ ತೂಗುಹಾಕಿ ಹತ್ತು ಸೀರೆ ಮಾರಿದರೆ ತಪ್ಪಿಲ್ಲ. ಅದೇ ಹತ್ತು ಸೀರೆಗೆ ಪತ್ರಿಕೆಯ ಇಡೀ ಮುಖಪುಟ ಕೊಂಡರೆ, ಮಾರಬೇಕೆಂದಿರುವುದು ಆ ಸೀರೆಗಳನ್ನಲ್ಲ ಎಂಬುದು ಸ್ಪಷ್ಟ.

ಎರಡನೆಯದು ಉಡುಗೊರೆಯ ಮಾತು. ಕೊಟ್ಟ ಹಣದಲ್ಲೇ ಪೂರ್ತಿಯಾಗಿಯೋ ಭಾಗಶಃವೋ ವಸೂಲಾಗಿರುವ ವಸ್ತುವನ್ನು ಉಚಿತವೆಂಬಂತೆ ತೋರಿಸುವುದು ಅನುಚಿತ ವ್ಯಾಪಾರ ಎಂದಿತು ಕಾಯ್ದೆ. ಗಣೇಶ ಹಬ್ಬದ ತನಕ 850 ರೂಪಾಯಿಗೆ ಮಾರಿದ ಡ್ರೈಫ್ರೂಟ್ಸ್ ಪೆಟ್ಟಿಗೆಗೆ ದಸರಾ ಹೊತ್ತಿಗೆ 1,000 ರೂಪಾಯಿ ಚೀಟಿ ಅಂಟಿಸಿ 'ಬೆಳ್ಳಿ ನಾಣ್ಯ ಉಚಿತ' ಎಂದರೆ, ಆ ನಾಣ್ಯಕ್ಕೆ ಗಿರಾಕಿ 150 ರೂಪಾಯಿ ತೆತ್ತಿದ್ದಾನೆ. 'ಬೆಳ್ಳಿ ನಾಣ್ಯ ಸೇರಿ 1,000 ರೂಪಾಯಿ' ಎಂದಿದ್ದರೆ ತಕರಾರೇ ಇರಲಿಲ್ಲ, ಮಾಲೂ ಬಹುಶಃ ಅಷ್ಟೇ ಖರ್ಚಾಗುತ್ತಿತ್ತು. ಈ ನಿಯಮಗಳು ಮುಂದೆ ಗ್ರಾಹಕ ಸಂರಕ್ಷಣಾ ಕಾನೂನಿಗೂ ಹರಿದುಬಂದವು.

ಅಲ್ಲಿಗೆ ಕೊರತೆಯ ವಿಷಯದಲ್ಲಿ ಕಾನೂನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮಾಲು ಇತ್ತೇ? ಆ ಪ್ರಶ್ನೆ ಸಾಲದು ಎಂಬುದು ದೊಡ್ಡದಾಗಿ ಕಂಡದ್ದು ಬೆಂಗಳೂರಿನ ಕಂಪನಿಯೊಂದರ ಮಾರಾಟದಲ್ಲಿ. 2014ರ ಅಕ್ಟೋಬರ್ 6ರಂದು, ದೀಪಾವಳಿಗೆ ಮುಂಚೆ, ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ನಡೆಸಿತು. ಎಷ್ಟೋ ವಸ್ತುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ, ಕೆಲವು ಆರ್ಡರುಗಳು ರದ್ದು, ಕೆಲವು ಬೆಲೆಗಳು ನಡುವೆಯೇ ಬದಲು. ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಅಲ್ಲಿನ ಕೊರತೆ ನಿಜವಾದದ್ದೇ. ಎಷ್ಟಿದೆ ಎಂದು ಮೊದಲೇ ಹೇಳಿರಲಿಲ್ಲ ಅಷ್ಟೆ.

ಇದಕ್ಕೆ ಉತ್ತರವೆನ್ನುವಂತೆ ಬಂದದ್ದು 2022ರ ಜೂನ್ 9ರ ಮಾರ್ಗಸೂಚಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಆ ದಾಖಲೆ ಗಾಳದಂಥ ಜಾಹೀರಾತುಗಳ ಬಗ್ಗೆ ಪ್ರತ್ಯೇಕವಾಗಿ ಮಾತಾಡಿತು. ಬೇಡಿಕೆ ಮಾಲನ್ನು ಮೀರಬಹುದೆಂದು ಅಂದಾಜಿದ್ದರೆ, ಮಾಲು ಸೀಮಿತವೆಂದು ಜಾಹೀರಾತಿನಲ್ಲೇ ಸ್ಪಷ್ಟಪಡಿಸಬೇಕು ಎಂದಿತು. ಅಂದರೆ 'ಸ್ಟಾಕ್ ಇರುವವರೆಗೆ' ಎಂಬುದು ಜಾಣರ ಸಾಲಾಗಿದ್ದದ್ದು ಈಗ ಕರ್ತವ್ಯದ ಸಾಲಾಯಿತು.

ಒಂದೂವರೆ ವರ್ಷವೂ ಆಗಲಿಲ್ಲ, ಅದೇ ಸಾಲು ಸಂಶಯಕ್ಕೆ ಒಳಗಾಯಿತು. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹದಿಮೂರು ಬಗೆಯ ಮೋಸಗಳನ್ನು ಪಟ್ಟಿ ಮಾಡಿ, ಸುಳ್ಳು ತುರ್ತನ್ನು ಮೊದಲಿಗೇ ಇಟ್ಟಿತು. ಇರುವುದಕ್ಕಿಂತ ಕಡಿಮೆ ಮಾಲು ತೋರಿಸುವುದು, ಬೇಡಿಕೆ ಹೆಚ್ಚಿದೆಯೆಂದು ಹಿನ್ನೆಲೆಯಿಲ್ಲದ ಅಂಕಿ ಹಾಕುವುದು, ಇಲ್ಲದ ಗಡುವಿನಿಂದ ಅವಸರಪಡಿಸುವುದು ಎಲ್ಲವೂ ಅದರೊಳಗೆ ಬಂದವು. ಕಾರಣ ತಾಂತ್ರಿಕ. ಕಾಗದದ ಬ್ಯಾನರ್ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ, ಪರದೆ ಹಾಗಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸುಮಾರು 11,000 ಮಾರಾಟ ತಾಣಗಳನ್ನು ಜಾಲಾಡಿದಾಗ, ಸೊನ್ನೆಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಓಡುವ ಗಡಿಯಾರಗಳೂ, ಯದ್ವಾತದ್ವಾ ಅಂಕಿ ಹುಟ್ಟಿಸಿ 'ಇಷ್ಟೇ ಉಳಿದಿದೆ' ಎನ್ನುವ ಕೋಡೂ ಸಿಕ್ಕವು.

ಈ ತಂತ್ರ ಏಕೆ ಕೆಲಸ ಮಾಡುತ್ತದೆ ಎಂಬುದು 1975ರಿಂದಲೇ ಗೊತ್ತು. ಸ್ಟೀಫನ್ ವರ್ಚೆಲ್ ಮತ್ತು ಜೊತೆಗಾರರು ಕೆಲವರ ಮುಂದೆ ಹತ್ತು ಬಿಸ್ಕತ್ತಿನ ಜಾಡಿಯನ್ನೂ ಇನ್ನು ಕೆಲವರ ಮುಂದೆ ಎರಡೇ ಇರುವ ಜಾಡಿಯನ್ನೂ ಇಟ್ಟರು. ಎರಡಿದ್ದ ಜಾಡಿಗೇ ಹೆಚ್ಚು ಬೆಲೆ ಬಂತು. ಬೇರೆಯವರು ಬಯಸಿದ್ದರಿಂದ ಹತ್ತು ಎರಡಾಯಿತು ಎಂದರಂತೂ ಇನ್ನೂ ಹೆಚ್ಚು. ಆದರೆ ರುಚಿ ಹೆಚ್ಚಿದೆ ಎಂದು ಯಾರೂ ಹೇಳಲಿಲ್ಲ. ಕೊರತೆ ಆಸೆಯನ್ನಷ್ಟೇ ಬೆಳೆಸಿತ್ತು.

ಕೊರತೆಯೆಲ್ಲ ನಾಟಕವೂ ಅಲ್ಲ. ಕೆಎಸ್‌ಐಸಿ ಮಳಿಗೆಗಳ ಮುಂದೆ ಮೈಸೂರು ರೇಷ್ಮೆ ಸೀರೆಗೆ ನಸುಕಿನಲ್ಲೇ ಸಾಲು ನಿಲ್ಲುವುದು ಯಾವ ಗಡಿಯಾರದ ಪ್ರಭಾವವೂ ಅಲ್ಲ. ಬೇಡಿಕೆಯಷ್ಟು ಸೀರೆ ಮಗ್ಗದಿಂದ ಇಳಿಯುವುದಿಲ್ಲ. ಅಲ್ಲಿ 'ಕಡಿಮೆ ಇದೆ' ಎಂದು ಹೇಳದಿರುವುದೇ ಅಪಚಾರ.

ಹಾಗಾದರೆ ಬರೆಯುವುದು ಹೇಗೆ? ದೀಪಾವಳಿಗೆಂದು 300 ಪೆಟ್ಟಿಗೆ ಕಟ್ಟಿಸಿದ ಚಿಕ್ಕ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳಿ. 120 ಈಗಾಗಲೇ ಆಫೀಸುಗಳಿಗೆ ಗೊತ್ತಾಗಿವೆ, ಒಡೆದುಹೋದದ್ದಕ್ಕೆ ಬದಲಿ ಕೊಡಲು 20 ತೆಗೆದಿಟ್ಟಿದ್ದಾರೆ. ಮಾರಾಟಕ್ಕಿರುವುದು 160. ಅಷ್ಟನ್ನೂ ಒಮ್ಮೆಲೇ ತೋರಿಸದೆ ಆನ್‌ಲೈನಿನಲ್ಲಿ ಹತ್ತು ಹತ್ತಾಗಿ ಏರಿಸಿ ಪ್ರತಿ ಸಲ 'ಹತ್ತೇ ಉಳಿದಿವೆ' ಎಂದರೆ ತಂತ್ರಾಂಶದ ಲೆಕ್ಕ ಸರಿ, ಗೋಡೌನಿನ ಲೆಕ್ಕ ಸುಳ್ಳು. ನನ್ನ ಮಟ್ಟಿಗೆ ಈಗ ಹೆಚ್ಚಿರುವುದು ಈ ಅರೆಸತ್ಯವೇ. ಹಿಡಿಯುವುದು ಸುಲಭ: ಸೊನ್ನೆಯಾದ ಮರುದಿನ ನೋಡಿ. ಮತ್ತೆ ಹತ್ತು ಕಂಡರೆ ಕೊರತೆ ಇರಲಿಲ್ಲ ಎಂದಾಯಿತು.

ಬದಲಿಗೆ ಆ ವ್ಯಾಪಾರಿ 'ಈ ದೀಪಾವಳಿಗೆ 300 ಪೆಟ್ಟಿಗೆ ಕಟ್ಟಿದ್ದೇವೆ, 160 ಬಿಡಿ ಮಾರಾಟಕ್ಕಿವೆ. ಮುಗಿದರೆ ಹಬ್ಬದ ಮೊದಲು ಮತ್ತೆ ಕಟ್ಟುವುದಿಲ್ಲ' ಎಂದು ಬರೆಯಬಹುದು. ಮತ್ತೆ ಕಟ್ಟುವ ಸಾಧ್ಯತೆ ಇದ್ದರೆ ಕೊನೆಯ ವಾಕ್ಯ ಹೋಗಿ 'ಮುಂದಿನ ಬ್ಯಾಚ್ ಗುರುವಾರ' ಎಂದು ಬರಬೇಕು. ಅವಸರ ಕಡಿಮೆಯಾಗುತ್ತದೆ, ನಿಜ. ಆದರೆ ಗುರುವಾರಕ್ಕೆ ಕಾಯುವವರ ಹೆಸರು ಬರೆದುಕೊಳ್ಳುವ ಅವಕಾಶ ಸಿಗುತ್ತದೆ.

ಗಡುವಿಗೂ ಇದೇ ಮಾತು. ಹಬ್ಬದಲ್ಲಿ ನಿಜವಾದ ಗಡುವು ಕೊರಿಯರಿನದು, ಅದು ಊರಿಂದೂರಿಗೆ ಬೇರೆ. 'ಇಂದೇ ಕೊನೆ' ಎನ್ನುವ ಬದಲು 'ನರಕ ಚತುರ್ದಶಿಗೆ ಕಲಬುರಗಿ ತಲುಪಬೇಕಾದರೆ ಈ ಶುಕ್ರವಾರದೊಳಗೆ, ಬೆಂಗಳೂರಿನೊಳಗಾದರೆ ಸೋಮವಾರದ ತನಕ' ಎಂದರೆ ಓದುವವರಿಗೆ ಏಕೆ ಬೇಗ ಎಂಬುದು ತಿಳಿಯುತ್ತದೆ. ರಿಯಾಯಿತಿಗೆ ದಿನಾಂಕ ಹಾಕಿದ್ದರೆ ಅಂದೇ ಮುಗಿಸಬೇಕು. 'ಗ್ರಾಹಕರ ಒತ್ತಾಯದ ಮೇರೆಗೆ ಇನ್ನೆರಡು ದಿನ' ಎಂಬ ಹಳೆಯ ಪತಾಕೆ ಏರಿತೆಂದರೆ, ಹಿಂದಿನ ದಿನ ಓಡಿಬಂದು ಕೊಂಡವರಿಗೆ ಹೇಳಿದ್ದು ಸುಳ್ಳಾಗುತ್ತದೆ. ಮಾಲು ಉಳಿದೇ ಹೋದರೆ ಹಬ್ಬದ ಹೆಸರು ತೆಗೆದು, 'ಉಳಿದ 22 ಪೆಟ್ಟಿಗೆ, ಬಾದಾಮಿಯ ಅವಧಿ ಡಿಸೆಂಬರ್ ತನಕ' ಎಂದು ಬೇರೆಯೇ ಜಾಹೀರಾತು ಬರೆಯುವುದು ಮೇಲು. ಬೆಲೆ ಇಳಿಸಿದ್ದೇಕೆ ಎಂಬುದನ್ನು ಆಗ ಯಾರೂ ಕೇಳುವುದಿಲ್ಲ.